ದರಿಯಾದೌಲತ್ತಿನ ಗೋಡೆಯೂ ಅಳತೆಗೋಲಿನ ವಿಮರ್ಶೆಯೂ

ಈಚೆಗೆ ಒಂದು ಸಭೆಯಲ್ಲಿ ಚಿತ್ರಕಲಾಭಿಜ್ಞರೊಬ್ಬರ ಉಪನ್ಯಾಸವನ್ನು ಕೇಳುವ ಸಂದರ್ಭವು ನನಗೊದಗಿತು. ಶ್ರೀರಂಗಪಟ್ಟಣದ ದರಿಯಾದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿರುವ ಪೊಳ್ಳಿಲೂರು ಕಾಳಗದ ಚಿತ್ರದ ಛಾಯಾಪಟವೊಂದನ್ನು ಅವರು ತೆರೆಯ ಮೇಲೆ ತೋರಿಸಿ, ಉದ್ದಗಲಗಳನ್ನು ಮೂರು ಮೂರು ಭಾಗವಾಗಿ ವಿಭಜಿಸಿ, ಮೂಲೆಯಿಂದ ಮೂಲೆಗೆ ಕರ್ಣರೇಖೆಗಳನ್ನೆಳೆದು, ಗೆರೆಗಳು ಕೂಡುವ ತಾಣಗಳಲ್ಲಿ ಗಣ್ಯವಾದದ್ದೇನೂ ಇಲ್ಲವೆಂದು ತೋರಿಸಿದರು. "ಇದು ಜನಸಂದಣಿಯೇ ಹೊರತು ಸಂಯೋಜನೆಯಲ್ಲ" ಎಂಬುದು ಅವರ ಸಿದ್ಧಾಂತ. ಸಭಿಕರು ಕರತಾಡನ ಮಾಡಿದರು. ನಾನು ಮಾಡಲಿಲ್ಲ. ಅದರ ಕಾರಣವನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಆ ಅಳತೆಗೋಲು ಎಲ್ಲಿಯದೆಂಬುದನ್ನು ನೋಡೋಣ. ತ್ರಿಭಾಗ ನಿಯಮವೆಂಬ ಹೆಸರನ್ನು ಅಚ್ಚಿನಲ್ಲಿಟ್ಟವನು ಜಾನ್ ಥಾಮಸ್ ಸ್ಮಿತ್ ಎಂಬ ಆಂಗ್ಲೇಯ. 1797ರಲ್ಲಿ, ಹಳ್ಳಿಗಾಡಿನ ದೃಶ್ಯಗಳನ್ನು ಬರೆಯುವ ವಿಚಾರದಲ್ಲಿ. ಆಕಾಶಕ್ಕೆಷ್ಟು, ನೆಲಕ್ಕೆಷ್ಟು ಎಂಬುದು ಆತನ ಚಿಂತೆ. ದರಿಯಾದೌಲತ್ತಿನ ಚಿತ್ರವನ್ನು ಬರೆದದ್ದು 1784ರ ಸುಮಾರಿಗೆ. ಅದರಲ್ಲಿ ದಿಗಂತದ ಗೆರೆಯನ್ನು ಅನುಸರಿಸಿದ ಹಂಚಿಕೆಯೇ ಇಲ್ಲ. ದೂರದವರನ್ನು ಮೇಲೂ ಹತ್ತಿರದವರನ್ನು ಕೆಳಗೂ ಸಾಲುಸಾಲಾಗಿ ಪೇರಿಸಿದೆ. ಹಿಂದೆ ಹುಟ್ಟಿದ ಚಿತ್ರವು ಮುಂದೆ ಹುಟ್ಟಿದ ನಿಯಮಕ್ಕೆ ಒಗ್ಗಲಿಲ್ಲವೆಂದು ದೂರುವುದು, ತಾತನು ಮೊಮ್ಮಗನ ಅಂಗಿಯನ್ನು ತೊಡಲಿಲ್ಲವೆಂದು ದೂರಿದಂತೆ.

ಹಾಗೆಂದು ಗೆರೆಗಳೇ ನಿರರ್ಥಕವೆಂದು ನಾನು ಹೇಳುವುದಿಲ್ಲ. ಸರ್ ಡೇವಿಡ್ ವಿಲ್ಕಿಯು 1839ರಲ್ಲಿ ಮುಗಿಸಿದ, ಬೇರ್ಡನು ಟಿಪ್ಪುವಿನ ಶವವನ್ನು ಕಂಡುಹಿಡಿಯುವ ಚಿತ್ರವನ್ನೇ ನೋಡಿರಿ. ಅದು ಎಡಿನ್‌ಬರೋದಲ್ಲಿದೆ, ನಿಲುವಿನಲ್ಲಿ ಸುಮಾರು ಮೂರೂವರೆ ಮೀಟರಿನ ಪಟ. ಮೇಲ್ಗಡೆ ಬಾಗಿಲ ಬಳಿ ಬೇರ್ಡನು ನಿಂತಿದ್ದಾನೆ. ಕೆಳಗೆ ಟಿಪ್ಪುವಿನ ದೇಹ. ನಡುವೆ ದೀಪದ ಬೆಳಕು. ಅಲ್ಲಿ ದೃಷ್ಟಿಯನ್ನು ವಿಜೇತನಿಂದ ಶವದ ಕಡೆಗೆ ಇಳಿಸುವ ಓರೆಯಾದ ಹಾದಿಯು ನಿಜವಾಗಿಯೂ ಇದೆ. ಬೇರ್ಡನ ಕಾಲ ಕೆಳಗಿನ ಕಂಬಿಗಳು ಅವನು ಹಿಂದೆ ಅನುಭವಿಸಿದ ಸೆರೆಯನ್ನು ಸೂಚಿಸುತ್ತವೆ. ವಿಲ್ಕಿಯು ಭಾರತವನ್ನು ಕಂಡವನಲ್ಲ. ಆದರೂ ಒಂದು ಚೌಕಟ್ಟು, ಒಂದು ಕ್ಷಣ, ಎದುರಿಗೆ ನಿಂತ ಒಬ್ಬ ಪ್ರೇಕ್ಷಕ, ಇವನ್ನು ಲೆಕ್ಕಹಾಕಿ ಬರೆದನು. ಅಂಥ ಪಟಕ್ಕೆ ಕರ್ಣರೇಖೆಯು ತಕ್ಕ ಸಾಧನ.

ದರಿಯಾದೌಲತ್ತಿನ ಚಿತ್ರವು ಪಟವಲ್ಲ, ಗೋಡೆ. ಒಂದು ಪಾರ್ಶ್ವದಲ್ಲಿ ಹೈದರ ಟಿಪ್ಪುಗಳ ಸೈನ್ಯದ ಮೆರವಣಿಗೆ, ಇನ್ನೊಂದರಲ್ಲಿ 1780ರ ಸೆಪ್ಟೆಂಬರ್ 10ರಂದು ಕರ್ನಲ್ ಬೇಲಿಯ ಪಡೆಯು ನಾಶವಾದ ಕಾಳಗ. ಮುಂದಿರುವ ಜಗುಲಿಯಲ್ಲಿ ನಿಂತರೆ ಇಡೀ ಗೋಡೆಯು ಕಣ್ಣಿಗೆ ಸಿಕ್ಕದು; ತೋಟಕ್ಕಿಳಿದು ಹಿಂದೆ ಸರಿದರೆ ಕಂಬಗಳು ಅಡ್ಡವಾಗುತ್ತವೆ. ನಡೆಯುತ್ತ ನೋಡಬೇಕಾದದ್ದು ಅದು. ನಮ್ಮ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯದಲ್ಲಿ ಐದು ಗರ್ಭಗುಡಿಗಳು ಸಾಲಾಗಿ ನಿಂತಿವೆ. ಮೂರನೆಯದರ ಮುಂದೆ ನಿಂತು, ಇದೇ ಕೇಂದ್ರ, ಉಳಿದವು ಅಲಂಕಾರವೆಂದು ಯಾವ ಭಕ್ತನೂ ಹೇಳಲಾರನು. ಛಾಯಾಪಟವು ಇಡೀ ಗೋಡೆಯನ್ನು ಕುಗ್ಗಿಸಿ ಅಂಗೈಯಗಲ ಮಾಡಿ ಕೊಟ್ಟದ್ದರಿಂದಲೇ ಉಪನ್ಯಾಸಕರಿಗೆ ಮೂಲೆಗಳು ದೊರೆತವು. ಮೂಲೆಗಳು ದೊರೆತದ್ದರಿಂದ ಕರ್ಣಗಳು ದೊರೆತವು.

ಇನ್ನು ದೃಷ್ಟಿಕೇಂದ್ರದ ಮಾತು. ಗೆರೆ ಎಳೆಯುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಮುಖಗಳು ಎತ್ತ ತಿರುಗಿವೆ? ಆಯುಧಗಳು ಎತ್ತ ಓರೆಯಾಗಿವೆ? ಆಕಾರದಲ್ಲಿಯಾಗಲಿ ಬಣ್ಣದಲ್ಲಿಯಾಗಲಿ ಉಳಿದೆಲ್ಲವಕ್ಕಿಂತ ಭಿನ್ನವಾದದ್ದು ಯಾವುದು? ಕಾಳಗದ ಪಾರ್ಶ್ವದಲ್ಲಿ ಇವನ್ನು ಕೇಳಿದರೆ ಉತ್ತರ ಒಂದೇ ಬರುತ್ತದೆ. ಮೈಸೂರಿನ ಕುದುರೆಯ ದಂಡು ಎರಡು ಕಡೆಯಿಂದಲೂ ನುಗ್ಗುತ್ತಿದೆ; ಒಂದು ಕಡೆಯ ಭರ್ಜಿಗಳು ಬಲಕ್ಕೆ, ಇನ್ನೊಂದು ಕಡೆಯವು ಎಡಕ್ಕೆ ವಾಲಿವೆ. ಕರ್ಣರೇಖೆಗಳು ಬೇಕೇ? ಇಗೋ, ನೂರಾರಿವೆ, ಆದರೆ ಗೋಡೆಯ ಮೂಲೆಯಿಂದ ಹೊರಟವಲ್ಲ, ಸವಾರರ ಮುಷ್ಟಿಯಿಂದ ಹೊರಟವು. ಅವೆಲ್ಲ ತೋರುವ ಎಡೆಯಲ್ಲಿ ಕೆಂಪಂಗಿಯ ಸಿಪಾಯಿಗಳು ಚೌಕವಾಗಿ ಕಟ್ಟಿಕೊಂಡ ವ್ಯೂಹವಿದೆ. ಆ ಗಲಭೆಯ ನಡುವೆ ನಾಲ್ಕು ಕಡೆಯೂ ಮುಚ್ಚಿಕೊಂಡ ನೆಟ್ಟನೆಯ ಆಕಾರ ಅದೊಂದೇ. ಮದ್ದಿನ ಬಂಡಿಯು ಸಿಡಿಯುವುದೂ ಅಲ್ಲಿಯೇ. ವ್ಯೂಹದೊಳಗೆ ಪಲ್ಲಕ್ಕಿ, ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ, ಬಾಯಲ್ಲಿ ಬೆರಳು. ಬೆರಳು ಕಚ್ಚುವುದು ದಿಗ್ಭ್ರಮೆಯ ಚಿಹ್ನೆಯೆಂದು ಪಾರಸಿಕ ಚಿತ್ರಗಳನ್ನು ಕಂಡವರು ಬಲ್ಲರು. ನಾವು ಅದೇ ಬೆರಳನ್ನು ಮೂಗಿನ ಮೇಲಿಡುತ್ತೇವೆ. ಇಷ್ಟು ಸ್ಪಷ್ಟವಾದ ಕೇಂದ್ರವು ಉಪನ್ಯಾಸಕರಿಗೆ ತಪ್ಪಿಹೋದದ್ದು, ಅದು ಅವರ ಗೆರೆಗಳ ಕೂಡಲಿನಲ್ಲಿರಲಿಲ್ಲವೆಂಬ ಒಂದೇ ಕಾರಣದಿಂದ.

ಎರಡನೆಯ ಕೇಂದ್ರವು ಅರಸರದು. ಸಾವಿರ ಸವಾರರು ಒಂದೇ ಅಚ್ಚಿನಲ್ಲಿ ಎರೆದಂತೆ ಪಕ್ಕದ ಮುಖದಲ್ಲಿ ಸಾಗುತ್ತಿರುವಾಗ, ಅಚ್ಚು ಬದಲಾದ ಕಡೆ ಕಣ್ಣು ನಿಲ್ಲುತ್ತದೆ. ಹೈದರ ಟಿಪ್ಪುಗಳ ಮುಖದಲ್ಲಿ ಆತುರವಿಲ್ಲ. ಟಿಪ್ಪುವಿನ ಕೈಯಲ್ಲೊಂದು ಗುಲಾಬಿ. ಬೇಲಿಯ ಬೆರಳು, ಟಿಪ್ಪುವಿನ ಹೂವು, ಎರಡೂ ಮುಖದ ಬಳಿಗೆ ಬಂದ ಕೈಗಳೇ. ಒಂದನ್ನು ನೋಡಿ ನಡೆದು ಹೋಗಿ ಇನ್ನೊಂದನ್ನು ಕಂಡವನಿಗೆ ಚಿತ್ರಕಾರನ ಉದ್ದೇಶವನ್ನು ವಿವರಿಸಬೇಕಾಗಿಲ್ಲ. ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದಿದ್ದರೆ ಈ ರಸವು ಹುಟ್ಟುತ್ತಿರಲಿಲ್ಲ.

ಇಲ್ಲಿ ನನ್ನ ಪಕ್ಷದವರಿಗೂ ಒಂದು ಮಾತು ಹೇಳಬೇಕು. ಕೆಲವರು ವಾತ್ಸ್ಯಾಯನ ಕಾಮಸೂತ್ರದ ಮೇಲಿನ ಯಶೋಧರನ ವ್ಯಾಖ್ಯಾನದಲ್ಲಿ ಬರುವ ಚಿತ್ರದ ಷಡಂಗಗಳನ್ನು ಹಿಡಿದುಕೊಂಡು ಬಂದು, ನಮ್ಮ ಶಾಸ್ತ್ರದಿಂದ ಈ ಗೋಡೆಯನ್ನು ಸಮರ್ಥಿಸುತ್ತೇವೆನ್ನುತ್ತಾರೆ. ಪಾಠಶಾಲೆಯಲ್ಲಿ ಸಂಸ್ಕೃತ ಓದಿದವನಾದ ನನಗೆ ಇದು ರುಚಿಸಬೇಕಾಗಿತ್ತು, ರುಚಿಸುವುದಿಲ್ಲ. ರೂಪಭೇದ, ಪ್ರಮಾಣ, ಭಾವ ಮೊದಲಾದ ಮಾತುಗಳು ಯಾವ ಚಿತ್ರಕ್ಕಾದರೂ ಒಪ್ಪುತ್ತವೆ. ಆದುದರಿಂದ ಈ ಚಿತ್ರದ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಸ್ಮಿತ್ತನ ಮೂರು ಭಾಗವನ್ನು ಕೆಳಗಿಟ್ಟು ಯಶೋಧರನ ಆರು ಅಂಗವನ್ನು ಎತ್ತಿಕೊಂಡರೆ ಅಂಕೆ ಬದಲಾಯಿತು, ಕಣ್ಣು ತೆರೆಯಲಿಲ್ಲ.

ಇದಕ್ಕಿಂತ ದೊಡ್ಡದೊಂದು ಆಕ್ಷೇಪವನ್ನು ಉಪನ್ಯಾಸಕರು ಎತ್ತಬಹುದಾಗಿತ್ತು. ಅವರು ಎತ್ತಲಿಲ್ಲವಾದ್ದರಿಂದ ನಾನೇ ಎತ್ತುತ್ತೇನೆ. ಈಗ ಗೋಡೆಯ ಮೇಲಿರುವುದು 1784ರ ಕುಂಚವೇ ಅಲ್ಲ. ಮುತ್ತಿಗೆಗೆ ಮುಂಚೆ ಚಿತ್ರವನ್ನು ಅಳಿಸಿದ್ದರು. 1799ರ ಅನಂತರ ಅಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿಯು ಸರಿಮಾಡಿಸಿದನು. ಮತ್ತೆ ಸುಣ್ಣ ಬಳಿದದ್ದನ್ನು ಡಾಲ್‌ಹೌಸಿಯು 1850ರ ದಶಕದಲ್ಲಿ, ಮೂಲವನ್ನು ಬಲ್ಲ ದೇಶೀಯ ಚಿತ್ರಕಾರನಿಂದ ಬರೆಯಿಸಿದನು. ಹೀಗಿರುವಲ್ಲಿ ಪಲ್ಲಕ್ಕಿಯು ಅಂಚಿನಿಂದ ಎಷ್ಟು ಅಂಗುಲ ದೂರದಲ್ಲಿದೆಯೆಂದು ಅಳೆದರೆ, ಅಳೆದದ್ದು ಯಾರ ಕೈಯನ್ನು? ತಿದ್ದುವವನ ಕೈಯಲ್ಲಿ ಗೆರೆಯ ಸೂಕ್ಷ್ಮವು ಕೆಡುತ್ತದೆ, ಮುಖಗಳು ಬದಲಾಗುತ್ತವೆ. ದೊಡ್ಡ ಗುಂಪುಗಳ ಹಂಚಿಕೆಯು ಸಾಮಾನ್ಯವಾಗಿ ಉಳಿಯುತ್ತದೆ.

ಉಳಿದಿದೆಯೇ ಎಂಬುದನ್ನು ಪರೀಕ್ಷಿಸಲು ಒಂದು ಸಾಕ್ಷಿಯೂ ಇದೆ. ಇದೇ ಕಾಳಗವನ್ನು ಹತ್ತು ಹಾಳೆಗಳ ಮೇಲೆ, ಸುಮಾರು 32 ಅಡಿ ಉದ್ದಕ್ಕೆ ಬರೆದ ಚಿತ್ರವೊಂದು 2022ರಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ ಮಾರಾಟವಾಯಿತು. ಅದರಲ್ಲಿಯೂ ಕೆಂಪು ಚೌಕ, ಸಿಡಿಯುವ ಬಂಡಿ, ಎರಡು ಕಡೆಯಿಂದ ಮುತ್ತುವ ಸವಾರರು ಇದ್ದಾರೆ. ಕಾಗದದಲ್ಲಿಯೂ ಗೋಡೆಯಲ್ಲಿಯೂ ಸಮಾನವಾದದ್ದನ್ನು ಮೂಲದ ಯೋಜನೆಗೆ ಸೇರಿಸೋಣ. ಒಂದರಲ್ಲಿ ಮಾತ್ರ ಇದ್ದದ್ದನ್ನು ಸಂಶಯಕ್ಕೆ ಬಿಡೋಣ. ಹಳೆಯ ಗ್ರಂಥಗಳ ಪಾಠಾಂತರಗಳನ್ನು ನಾವು ನಿರ್ಣಯಿಸುವ ಕ್ರಮವೂ ಇದೇ ಅಲ್ಲವೇ?

ಉಪನ್ಯಾಸಕ ಮಹಾಶಯರು ಇನ್ನೊಮ್ಮೆ ಪಟ್ಟಣಕ್ಕೆ ಬಂದಾಗ ಛಾಯಾಪಟವನ್ನು ಮನೆಯಲ್ಲಿಟ್ಟು ಬರಲಿ. ಅರಸರ ಮೆರವಣಿಗೆಯ ಕಡೆಯಿಂದ ಹೊರಟು ಪಲ್ಲಕ್ಕಿಯವರೆಗೆ ನಡೆಯಲಿ. ದಾರಿಯಲ್ಲಿ ದುರ್ಬೀನು ಹಿಡಿದು ರಣರಂಗವನ್ನು ನೋಡುತ್ತಿರುವ ಫ್ರೆಂಚರ ಲಾಲಿ ಸಿಕ್ಕುತ್ತಾನೆ. ಅವನು ನೋಡುತ್ತಿರುವ ಕಡೆಗೆ ಇವರೂ ನೋಡಲಿ.