‘ಹಂಗೆಲ್ಲಾ ಆಗಲ್ಲ’ ಅನ್ನೋ ಮುಂಚೆ ಜೋಡಿ ಎಣಿಸಿ

ಈ ಸಲದ ಫೆಸ್ಟ್‌ನಲ್ಲಿ ರಿಜಿಸ್ಟ್ರೇಷನ್ ಡೆಸ್ಕ್ ನಮ್ಮ ತಲೆ ಮೇಲೆ ಬಿತ್ತು. ನಾಲ್ಕು ಜನ ಸೆಕೆಂಡ್ ಇಯರ್‌ನವರು, ಎರಡು ಲ್ಯಾಪ್‌ಟಾಪ್. ದುಡ್ಡು ಕಟ್ಟಿದ ಪ್ರತಿಯೊಬ್ಬರಿಗೂ ಆರು ಅಂಕಿಯ ಒಂದು ಕೋಡ್ ಮೇಲ್‌ನಲ್ಲಿ ಹೋಗಿತ್ತು. ಕೌಂಟರ್‌ಗೆ ಬಂದು ಕೋಡ್ ಹೇಳಿದ್ರೆ ಕಿಟ್ ಮತ್ತು ಊಟದ ಕೂಪನ್ ಕೊಡೋದು, ಅಷ್ಟೇ ಕೆಲಸ.

ಮೊದಲ ದಿನ ಮಧ್ಯಾಹ್ನ ಬೇರೆ ಊರಿಂದ ಬಸ್ಸಲ್ಲಿ ಬಂದಿದ್ದ ಒಬ್ಬ ಹುಡುಗಿ ಕೋಡ್ ಹೇಳಿದಳು. ಸ್ಕ್ರೀನ್ ಮೇಲೆ ಬೇರೆ ಯಾರದ್ದೋ ಹೆಸರು, ಪಕ್ಕದಲ್ಲಿ ‘ಕಿಟ್ ಕೊಡಲಾಗಿದೆ’ ಅಂತ. “ಅಣ್ಣ, ನಾನು ಈಗಷ್ಟೇ ಬಂದಿದ್ದು” ಅಂದಳು. ನಾವು ನಂಬಲಿಲ್ಲ. ಫ್ರೆಂಡ್ ಕೋಡ್ ಇಸ್ಕೊಂಡು ಬಂದಿದ್ದೀರಾ ಅಂತ ನೇರವಾಗಿ ಕೇಳೇಬಿಟ್ವಿ. ಹಿಂದೆ ಸಾಲಿನಲ್ಲಿ ಮೂವತ್ತು ಜನ ನೋಡ್ತಾ ಇದ್ರು. ಅವಳು ಏನೂ ಮಾತಾಡದೆ ಪಕ್ಕಕ್ಕೆ ನಿಂತು ಫೋನಲ್ಲಿ ಮೇಲ್ ಹುಡುಕಿ ತೋರಿಸಿದಳು. ಅದರಲ್ಲಿ ಅವಳದೇ ಹೆಸರು, ಅದೇ ಕೋಡ್. ಶೀಟ್ ತೆಗೆದು ನೋಡಿದ್ರೆ ಎರಡು ಸಾಲುಗಳಲ್ಲಿ ಒಂದೇ ಆರು ಅಂಕಿ ಇತ್ತು. ನಮ್ಮ ಪ್ರೋಗ್ರಾಂ ಮೊದಲು ಸಿಕ್ಕ ಸಾಲನ್ನು ಮಾತ್ರ ತೋರಿಸ್ತಿತ್ತು.

ಕ್ಷಮೆ ಕೇಳಿದ್ವಿ, ಕಿಟ್ ಕೊಟ್ವಿ. ಆದರೆ ಆ ಹೊತ್ತಲ್ಲಿ ನಮ್ಮ ತಲೆಯಲ್ಲಿ ಇದ್ದ ಲೆಕ್ಕ ಏನು ಅನ್ನೋದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೋಡ್‌ಗಳು 100000ರಿಂದ 999999ರವರೆಗೆ, ಅಂದ್ರೆ 9 ಲಕ್ಷ ಸಂಖ್ಯೆಗಳು. ಬಂದಿದ್ದ ರಿಜಿಸ್ಟ್ರೇಷನ್ 1200. 9 ಲಕ್ಷದಲ್ಲಿ ಬರೀ 1200 ತುಂಬಿದ್ದು, ಡಿಕ್ಕಿ ಎಲ್ಲಿಂದ ಬರುತ್ತೆ? ಶೇಕಡಾ 0.13 ಅಷ್ಟೇ ಅಲ್ವಾ? ಈ 0.13 ತಪ್ಪು ಸಂಖ್ಯೆಯಲ್ಲ, ತಪ್ಪು ಪ್ರಶ್ನೆಗೆ ಸಿಕ್ಕ ಸರಿ ಉತ್ತರ. ಕೊನೆಗೆ ಸೇರಿದ ಒಬ್ಬರ ಕೋಡ್ ಮೊದಲಿನ 1199ರಲ್ಲಿ ಯಾವುದಕ್ಕಾದರೂ ಹೊಂದುವ ಸಾಧ್ಯತೆ ಅದು. ನಾವು ಕೇಳಬೇಕಾಗಿದ್ದದ್ದು ಬೇರೆ: ಈ 1200 ಜನರಲ್ಲಿ ಯಾರಾದರೂ ಇಬ್ಬರಿಗೆ ಒಂದೇ ಕೋಡ್ ಬರುವ ಸಾಧ್ಯತೆ ಎಷ್ಟು?

ತಮಾಷೆ ಅಂದ್ರೆ ಈ ಪ್ರಶ್ನೆಯನ್ನು ನಾವು ಕ್ಲಾಸಲ್ಲಿ ಬಿಡಿಸಿದ್ದೀವಿ. ಅಲ್ಲಿ ಅದಕ್ಕೆ ಹುಟ್ಟುಹಬ್ಬದ ವೇಷ ಇತ್ತು. ಒಂದು ರೂಮಲ್ಲಿ 23 ಜನ ಇದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಎಲ್ಲರೂ ‘ಓಹ್’ ಅಂದ್ವಿ, ನೋಟ್ಸ್ ಮುಚ್ಚಿದ್ವಿ. ನಮ್ಮ ವಾದ ಇಷ್ಟೇ: ಈ ಲೆಕ್ಕ ಪಾರ್ಟಿಯಲ್ಲಿ ತೋರಿಸೋ ಮ್ಯಾಜಿಕ್ ಅಲ್ಲ, ಕೋಡ್ ಹಂಚುವ ಯಾರೇ ಆದರೂ ಹಂಚುವ ಮುಂಚೆ ಮಾಡಬೇಕಾದ ಎರಡು ನಿಮಿಷದ ಕೆಲಸ.

ನೇರವಾಗಿ ಎಣಿಸೋಕೆ ಹೋದರೆ ಎಲ್ಲಿ ಸಿಕ್ಕಿಹಾಕಿಕೊಳ್ತೀವಿ ಅನ್ನೋದನ್ನು ಮೊದಲು ನೋಡೋಣ. ‘ಕನಿಷ್ಠ ಒಂದು ಜೋಡಿ ಹೊಂದುತ್ತೆ’ ಅನ್ನೋದರೊಳಗೆ ಎಷ್ಟೋ ಕಥೆಗಳಿವೆ. ಒಂದೇ ಜೋಡಿ ಹೊಂದಬಹುದು, ಎರಡು ಬೇರೆ ಬೇರೆ ಜೋಡಿ ಹೊಂದಬಹುದು, ಮೂವರು ಒಂದೇ ದಿನ ಹುಟ್ಟಿರಬಹುದು. ಎಲ್ಲವನ್ನೂ ಬಿಡಿಸಿ ಕೂಡೋದು ದೊಡ್ಡ ತಲೆನೋವು. ‘23 ಜನರಲ್ಲಿ 253 ಜೋಡಿ, ಪ್ರತಿ ಜೋಡಿಗೂ 365ರಲ್ಲಿ ಒಂದು, ಕೂಡಿಬಿಟ್ಟರಾಯ್ತು’ ಅಂತ ಅಡ್ಡದಾರಿ ಹಿಡಿದರೆ 253/365, ಅಂದರೆ ಸುಮಾರು 0.69 ಬರುತ್ತೆ. ಅದು ತಪ್ಪು, ಯಾಕಂದ್ರೆ ಎರಡು ಜೋಡಿ ಒಟ್ಟಿಗೆ ಹೊಂದಿದ ಸಂದರ್ಭವನ್ನು ಎರಡು ಸಲ ಎಣಿಸಿದ್ದೀವಿ. 28 ಜನ ಇದ್ದರೆ ಜೋಡಿಗಳು 378 ಆಗಿ, ಸಂಭವನೀಯತೆ 1ನ್ನೂ ದಾಟಿಬಿಡುತ್ತೆ! ಲೆಕ್ಕ ಕೆಟ್ಟಿದೆ ಅನ್ನೋಕೆ ಬೇರೆ ಸಾಕ್ಷಿ ಬೇಕಾ?

ಅದಕ್ಕೇ ಉಲ್ಟಾ ಕಡೆಯಿಂದ ಬರೋದು. ‘ಯಾರದೂ ಹೊಂದಲ್ಲ’ ಅನ್ನೋ ಪೂರಕ ಘಟನೆಯಲ್ಲಿ ಒಂದೇ ಒಂದು ಕಥೆ ಇದೆ: ಪ್ರತಿಯೊಬ್ಬರೂ ತಮಗಿಂತ ಮುಂಚೆ ಬಂದವರ ದಿನಗಳನ್ನು ತಪ್ಪಿಸಬೇಕು. ಮೊದಲನೆಯವರಿಗೆ 365 ದಿನವೂ ಖಾಲಿ. ಎರಡನೆಯವರಿಗೆ 364, ಮೂರನೆಯವರಿಗೆ 363. ಹೀಗೇ ಹೋಗಿ 23ನೆಯವರಿಗೆ 343 ದಿನ ಉಳಿದಿರುತ್ತೆ. ಪ್ರತಿಯೊಂದನ್ನೂ 365ರಿಂದ ಭಾಗಿಸಿ ಎಲ್ಲವನ್ನೂ ಗುಣಿಸಿದರೆ 0.4927. ಅದನ್ನು 1ರಿಂದ ಕಳೆದರೆ 0.5073. ಮುಗೀತು.

ಈಗ 365ರ ಜಾಗದಲ್ಲಿ 9 ಲಕ್ಷ, 23ರ ಜಾಗದಲ್ಲಿ 1200 ಇಡಿ. ಕೈಯಲ್ಲಿ ಗುಣಿಸೋಕಾಗಲ್ಲ, ಆದರೆ ಆರು ಸಾಲಿನ ಪ್ರೋಗ್ರಾಂ ಸಾಕು:

```python
def collision(n, N):
    p = 1.0
    for i in range(n):
        p *= (N - i) / N
    return 1 - p

print(collision(1200, 900000))
```

ಉತ್ತರ ಸುಮಾರು 0.55. ಅಂದರೆ ಡಿಕ್ಕಿ ಆಗದೇ ಇರೋದಕ್ಕಿಂತ ಆಗೋದೇ ಹೆಚ್ಚು ಸಹಜವಾಗಿತ್ತು. ‘ಹಂಗೆಲ್ಲಾ ಆಗಲ್ಲ’ ಅಂತ ಧೈರ್ಯವಾಗಿ ಹೇಳಿ ಒಬ್ಬರನ್ನು ಸುಳ್ಳುಗಾರ್ತಿ ಮಾಡಿದ್ವಲ್ಲ, ಅದು ನಾಣ್ಯ ಚಿಮ್ಮಿ ‘ಹೆಡ್ ಬೀಳೋದೇ ಇಲ್ಲ’ ಅಂದಷ್ಟೇ ಮೂರ್ಖತನ.

ಲ್ಯಾಪ್‌ಟಾಪ್ ಇಲ್ಲದೆಯೂ ಅಂದಾಜು ಮಾಡಬಹುದು. ಗುಣಾಕಾರದಲ್ಲಿ ಪ್ರತಿ ಅಂಶವೂ 1 - i/N ರೂಪದಲ್ಲಿದೆ. i/N ತುಂಬಾ ಚಿಕ್ಕದಿದ್ದಾಗ ಅದು ಹೆಚ್ಚುಕಡಿಮೆ e^(-i/N)ಗೆ ಸಮ. ಎಲ್ಲವನ್ನೂ ಗುಣಿಸಿದರೆ ಘಾತಗಳು ಕೂಡಿಕೊಳ್ತವೆ. 0 + 1 + 2 + ... + (n-1) ಅಂದರೆ n(n-1)/2, ಅದು ಒಟ್ಟು ಜೋಡಿಗಳ ಸಂಖ್ಯೆಯೇ! ಹಾಗಾಗಿ ಡಿಕ್ಕಿ ಆಗದಿರುವ ಸಾಧ್ಯತೆ ಸುಮಾರು e^(-n(n-1)/2N). ನಮ್ಮ ಕೇಸಲ್ಲಿ ಜೋಡಿಗಳು 7,19,400. 9 ಲಕ್ಷದಿಂದ ಭಾಗಿಸಿದರೆ 0.8. e^(-0.8) ಅಂದರೆ 0.45. ಉಳಿದದ್ದು 0.55, ಅದೇ ಉತ್ತರ. ಈ 0.8ಕ್ಕೆ ಇನ್ನೊಂದು ಅರ್ಥವೂ ಇದೆ: ಸರಾಸರಿ ಎಷ್ಟು ಜೋಡಿ ಡಿಕ್ಕಿ ಹೊಡೆಯಬಹುದು ಅನ್ನೋ ನಿರೀಕ್ಷೆ.

ಇದನ್ನೆಲ್ಲ ತೋರಿಸಿದಾಗ ಒಬ್ಬ ಸೀನಿಯರ್ ಹೇಳಿದ್ರು, “ಹೋದ ವರ್ಷ ಇದೇ ಕೋಡ್ ಬಳಸಿದ್ವಲ್ಲೋ, ಏನೂ ಆಗ್ಲಿಲ್ಲ.” ಹೋದ ವರ್ಷ ರಿಜಿಸ್ಟ್ರೇಷನ್ ಸುಮಾರು 300. ಜೋಡಿಗಳು 44,850, ಡಿಕ್ಕಿಯ ಸಾಧ್ಯತೆ ಶೇಕಡಾ 5ರ ಹತ್ತಿರ. ಜನ ನಾಲ್ಕು ಪಟ್ಟು ಆದಾಗ ಜೋಡಿಗಳು ಹದಿನಾರು ಪಟ್ಟು ಆಗ್ತವೆ. ‘ಹೋದ ಸಲ ನಡೀತು’ ಅನ್ನೋ ವಾದ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡೋದು ಇಲ್ಲೇ. ನಾವು ಜನರನ್ನು ಎಣಿಸ್ತೀವಿ, ಅಪಾಯ ಮಾತ್ರ ಜೋಡಿಗಳ ಲೆಕ್ಕದಲ್ಲಿ ಬೆಳೆಯುತ್ತೆ. ನೆನಪಿಡೋಕೆ ಒಂದು ಸುಲಭ ಸೂತ್ರ: ಒಟ್ಟು ಕೋಡ್‌ಗಳ ವರ್ಗಮೂಲದ ಸುಮಾರು 1.18 ಪಟ್ಟು ಜನ ಬಂದಾಗ ಡಿಕ್ಕಿ ಫಿಫ್ಟಿ-ಫಿಫ್ಟಿ. 9 ಲಕ್ಷದ ವರ್ಗಮೂಲ ಸುಮಾರು 949, ಹಾಗಾಗಿ ಅರ್ಧದ ಗೆರೆ 1117ರ ಆಸುಪಾಸು. ನಾವು ಅದನ್ನು ದಾಟಿ ಕೂತಿದ್ವಿ.

ಹಾಗಾದ್ರೆ ಕೋಡ್ ಉದ್ದ ಮಾಡಿದ್ರೆ ಸಾಕಾ? ಎಂಟು ಅಂಕಿ ಮಾಡಿದ್ದಿದ್ರೆ 9 ಕೋಟಿ ಸಂಖ್ಯೆ, ಸಾಧ್ಯತೆ ಶೇಕಡಾ 0.8ಕ್ಕೆ ಇಳೀತಿತ್ತು. ಒಳ್ಳೇದೇ, ಆದರೂ ನಮ್ಮ ಕೌಂಟರ್‌ಗೆ ಸರಿಯಾದ ಉತ್ತರ ಅದಲ್ಲ. ಎಲ್ಲಾ ಕೋಡ್‌ಗಳೂ ಒಂದೇ ಟೇಬಲ್‌ನಲ್ಲಿದ್ದವು. ಆ ಕಾಲಮ್‌ಗೆ `UNIQUE` ಅಂತ ಹಾಕಿ, ಡಿಕ್ಕಿ ಆದಾಗ ಇನ್ನೊಂದು ಸಂಖ್ಯೆ ಎತ್ತಿಸಿದ್ದರೆ ಆರು ಅಂಕಿಯಲ್ಲೇ ಸಾಧ್ಯತೆ ಸೊನ್ನೆ. ಕೂಡಿಟ್ಟು ನೋಡೋಕೆ ಒಂದು ಜಾಗ ಇದ್ದಾಗ ಅದೃಷ್ಟ ನಂಬಬಾರದು.

ಅಂದಾಜು ನಿಜವಾಗಿ ಬೇಕಾಗೋದು ಅಂಥ ಜಾಗ ಇಲ್ಲದಿದ್ದಾಗ. ನಾವೆಲ್ಲ ಬಳಸೋ ಗಿಟ್ ತಗೊಳ್ಳಿ. ಪ್ರತಿ ಕಮಿಟ್‌ಗೂ ಒಂದು ಉದ್ದನೆಯ ಹ್ಯಾಶ್, ಯಾರ ಲ್ಯಾಪ್‌ಟಾಪ್‌ನಲ್ಲಿ ಬೇಕಾದರೂ ಯಾರನ್ನೂ ಕೇಳದೆ ಹುಟ್ಟುತ್ತೆ. ನಾವು ಮೆಸೇಜಲ್ಲಿ ಅದರ ಮೊದಲ 7 ಅಕ್ಷರ ಮಾತ್ರ ಕಳಿಸ್ತೀವಿ. ಹದಿನಾರರ ಏಳನೇ ಘಾತ ಅಂದರೆ ಸುಮಾರು 26.8 ಕೋಟಿ. ದೊಡ್ಡ ಸಂಖ್ಯೆ ಅನ್ಸುತ್ತೆ. ಆದರೆ ಅದರ ವರ್ಗಮೂಲ 16,384, ಅಂದರೆ ರೆಪೊಸಿಟರಿಯಲ್ಲಿ 19,300ರಷ್ಟು ವಸ್ತುಗಳಾದಾಗಲೇ ಯಾವುದಾದರೂ ಎರಡರ ಮೊದಲ 7 ಅಕ್ಷರ ಒಂದೇ ಇರುವ ಸಾಧ್ಯತೆ ಅರ್ಧ. ಕಾಲೇಜಿನ ಮಿನಿ ಪ್ರಾಜೆಕ್ಟ್‌ಗೆ 7 ಸಾಕು. ಲಿನಕ್ಸ್ ಕರ್ನೆಲ್‌ನವರು ಕಮಿಟ್ ಉಲ್ಲೇಖಿಸುವಾಗ ಕನಿಷ್ಠ 12 ಅಕ್ಷರ ಬರೀರಿ ಅಂತ ಕೇಳೋದು ಸುಮ್ಮನೆ ಅಲ್ಲ.

ಒಂದು ಎಚ್ಚರಿಕೆ. ಈ ಲೆಕ್ಕವೆಲ್ಲ ಪ್ರತಿ ಕೋಡ್‌ಗೂ ಸಮ ಅವಕಾಶ ಇದೆ, ಒಂದಕ್ಕೊಂದು ಸಂಬಂಧ ಇಲ್ಲ ಅನ್ನೋ ನಂಬಿಕೆ ಮೇಲೆ ನಿಂತಿದೆ. ಕೆಲವು ಸಂಖ್ಯೆಗಳು ಹೆಚ್ಚು ಸಲ ಬಂದರೆ ಡಿಕ್ಕಿ ಹೆಚ್ಚಾಗುತ್ತೆ, ಕಡಿಮೆ ಆಗಲ್ಲ. ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಸೀಡ್ ಕೊಟ್ಟು ಕೋಡ್ ಹುಟ್ಟಿಸಿದರಂತೂ ಎರಡೂ ಒಂದೇ ಸಾಲನ್ನು ಉರು ಹೊಡೆದ ಹಾಗೆ ಒಪ್ಪಿಸ್ತವೆ. ಪತ್ತೆ ಮಾಡೋದು ಹೇಗೆ? 1200 ಕೋಡ್‌ಗಳನ್ನು ನೂರು ಸಲ ಹುಟ್ಟಿಸಿ ಡಿಕ್ಕಿ ಜೋಡಿಗಳನ್ನು ಎಣಿಸಿ. ಒಟ್ಟು 80ರ ಆಸುಪಾಸು ಬರಬೇಕು. ನೂರಾರು ಬಂದರೆ ದೋಷ ಅದೃಷ್ಟದ್ದಲ್ಲ, ಪ್ರೋಗ್ರಾಂದು. ನಮ್ಮದನ್ನು ಫೆಸ್ಟ್ ಮುಗಿದ ಮೇಲೆ ಪರೀಕ್ಷಿಸಿದ್ವಿ. ಪ್ರೋಗ್ರಾಂ ಸರಿಯಾಗೇ ಇತ್ತು, ಲೆಕ್ಕ ಮಾಡದೇ ಇದ್ದದ್ದು ನಾವು.

ಮುಂದಿನ ವರ್ಷ ಡೆಸ್ಕ್ ನೋಡಿಕೊಳ್ಳೋ ಜೂನಿಯರ್ಸ್‌ಗೆ ಹ್ಯಾಂಡೋವರ್ ಫೈಲಲ್ಲಿ ಎರಡು ಮಾತು ಬರೆದಿಟ್ಟಿದ್ದೀವಿ. ಒಂದು, ಕಾಲಮ್‌ಗೆ `UNIQUE` ಹಾಕಿ. ಎರಡು, ಎದುರಿಗೆ ನಿಂತವರು ‘ಇದು ನಂದೇ ಕೋಡ್’ ಅಂದಾಗ ಮೊದಲು ಅದೇ ಕೋಡ್ ಇರುವ ಎಲ್ಲಾ ಸಾಲುಗಳನ್ನೂ ತೆಗೆದು ನೋಡಿ, ಆಮೇಲೆ ಮಾತಾಡಿ.