ಕೈಗಡಿಯಾರ ಬಿ.ಪಿ. ಯಂತ್ರವಲ್ಲ

ಉದಯಗಿರಿಯಲ್ಲಿರುವ ನಮ್ಮ ಖಾಲಾಗೆ ಆರು ವರ್ಷಗಳಿಂದ ಬಿ.ಪಿ. ಇದೆ. ಕಳೆದ ಈದ್‌ಗೆ ಅವರ ಮಗ ಸಾವಿರದ ಐನೂರು ರೂಪಾಯಿಯ ಸ್ಮಾರ್ಟ್‌ವಾಚ್ ತಂದುಕೊಟ್ಟ. ಪೆಟ್ಟಿಗೆಯ ಮೇಲೆ ಹೃದಯ ಬಡಿತ, ಆಮ್ಲಜನಕ, ಬಿ.ಪಿ., ನಿದ್ರೆ ಎಲ್ಲದರ ಚಿತ್ರಗಳಿದ್ದವು. ಖಾಲಾ ದಿನಕ್ಕೆ ಮೂರು ಸಲ ಗುಂಡಿ ಒತ್ತಿ ನೋಡುತ್ತಿದ್ದರು. ಪ್ರತಿ ಸಲವೂ 118/78, ಇಲ್ಲವೇ 121/80. ಎರಡು ವಾರ ಹೀಗೇ ನೋಡಿ, "ಈಗ ಎಲ್ಲ ಸರಿಯಾಗಿದೆ" ಎಂದು ಮಾತ್ರೆ ನಿಲ್ಲಿಸಿಬಿಟ್ಟರು. ಒಂದು ದಿನ ತಲೆ ಭಾರವೆಂದು ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದಾಗ ಡಾಕ್ಟರ ಯಂತ್ರ ತೋರಿಸಿದ್ದು 172/102. ಅದೇ ಕ್ಷಣದಲ್ಲಿ ಕೈಯಲ್ಲಿದ್ದ ವಾಚ್ 119/79 ಎನ್ನುತ್ತಿತ್ತು. "ಬೇಟಾ, ಇದು ದಿನಾ ಸುಳ್ಳು ಹೇಳ್ತಿತ್ತಾ?" ಎಂದು ಖಾಲಾ ಕೇಳಿದರು.

ಇಂಥ ವಾಚ್ ಕೊಳ್ಳಲೇಬೇಡಿ ಎಂದು ನಾನು ಹೇಳುತ್ತಿಲ್ಲ. ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಎರಡು ಸಾವಿರದೊಳಗೆ ಸಿಗುವ ವಾಚ್ ಕೆಲವು ಕೆಲಸಗಳನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಪೆಟ್ಟಿಗೆಯ ಹಿಂಭಾಗದ ಸಾಲುಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂದು ತಿಳಿಯದೆ ಕೊಂಡರೆ ದುಡ್ಡಿಗಿಂತ ದೊಡ್ಡ ನಷ್ಟವಾಗುತ್ತದೆ.

ವಾಚನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಹಸಿರು ದೀಪ ಮಿನುಗುತ್ತದೆ. ಅದೇ ಹೃದಯ ಬಡಿತದ ಸೆನ್ಸರ್. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೆಲ್ಲ ಮಣಿಕಟ್ಟಿನಲ್ಲಿ ರಕ್ತ ತುಸು ಹೆಚ್ಚಾಗುತ್ತದೆ, ಆಗ ಮರಳಿ ಬರುವ ಬೆಳಕು ತುಸು ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸಿ ವಾಚ್ ನಿಮಿಷಕ್ಕೆ ಇಷ್ಟು ಬಡಿತ ಎನ್ನುತ್ತದೆ. ಸುಮ್ಮನೆ ಕುಳಿತಿದ್ದಾಗ ಈ ಲೆಕ್ಕ ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತದೆ. ಕೈ ಆಡಿಸುತ್ತಾ ಕೆಲಸ ಮಾಡುವಾಗ, ಪಟ್ಟಿ ಸಡಿಲವಾಗಿದ್ದಾಗ ತಪ್ಪುತ್ತದೆ. ಆಮ್ಲಜನಕಕ್ಕೆ ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನಲ್ಲಿ ಬೆಳಕು ಬೆರಳನ್ನು ದಾಟಿ ಆಚೆ ಬರುತ್ತದೆ. ವಾಚ್ ಮಾತ್ರ ಮಣಿಕಟ್ಟಿನಿಂದ ಮರಳಿ ಬರುವ ಅಲ್ಪ ಬೆಳಕನ್ನೇ ನಂಬಬೇಕು. ಆದ್ದರಿಂದ ಉಸಿರಾಟದ ತೊಂದರೆ ಇರುವವರು ಅದರ ಅಂಕಿ ನೋಡಿ ಧೈರ್ಯ ತಂದುಕೊಳ್ಳಬಾರದು.

ಇನ್ನು ಬಿ.ಪಿ. ವಿಷಯ. ಬಿ.ಪಿ. ಎಂದರೆ ರಕ್ತವು ನಾಳದ ಗೋಡೆಯನ್ನು ಒತ್ತುವ ಬಲ. ಡಾಕ್ಟರ ಯಂತ್ರದ ತೋಳುಪಟ್ಟಿ ಗಾಳಿ ತುಂಬಿಕೊಂಡು ನಾಳವನ್ನು ಅದುಮುತ್ತದೆ. ಆಮೇಲೆ ಗಾಳಿ ಬಿಡುತ್ತಾ ಯಾವ ಒತ್ತಡದಲ್ಲಿ ಮಿಡಿತ ಹೇಗೆ ಬದಲಾಗುತ್ತದೆ ಎಂದು ಅಳೆಯುತ್ತದೆ. ಅಗ್ಗದ ವಾಚ್ ಯಾವುದನ್ನೂ ಅದುಮುವುದಿಲ್ಲ. ಹಸಿರು ಬೆಳಕಿನಿಂದ ಅದಕ್ಕೆ ತಿಳಿಯುವುದು ಮಿಡಿತ ಮಾತ್ರ, ಬಲವಲ್ಲ. ಮಿಡಿತದಿಂದ ಒಂದು ಅಂದಾಜು ಕಟ್ಟಿ, ಆರೋಗ್ಯವಂತರ ಅಂಕಿಯ ಆಸುಪಾಸಿನಲ್ಲೇ ಏನೋ ಒಂದನ್ನು ತೋರಿಸುತ್ತದೆ. ಖಾಲಾಗೆ ದಿನವೂ 118 ಬಂದದ್ದು ಹೀಗೆ. ಸ್ಯಾಮ್‌ಸಂಗ್‌ನ ದುಬಾರಿ ವಾಚುಗಳಲ್ಲಿ ಬಿ.ಪಿ. ನೋಡಬೇಕಾದರೂ 28 ದಿನಕ್ಕೊಮ್ಮೆ ತೋಳುಪಟ್ಟಿಯ ಯಂತ್ರದ ಅಂಕಿಯನ್ನು ಕೊಟ್ಟು ಹೊಂದಿಸಬೇಕು ಎಂದು ಆ ಕಂಪನಿಯೇ ಹೇಳುತ್ತದೆ. ಒಮ್ಮೆಯೂ ನಿಮ್ಮ ನಿಜವಾದ ಬಿ.ಪಿ. ಕೇಳದ ಅಗ್ಗದ ವಾಚ್ ಅದನ್ನು ಎಲ್ಲಿಂದ ತಿಳಿದೀತು?

ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚುಗಳ ಮಾತು ಇದಕ್ಕಿಂತ ಅಪಾಯಕಾರಿ. ಚರ್ಮ ಚುಚ್ಚದೆ ರಕ್ತದ ಸಕ್ಕರೆ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಅವನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ವಾಚಿನ ಅಂಕಿ ನಂಬಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿಕೊಂಡರೆ ಪ್ರಾಣಕ್ಕೇ ಸಂಚಕಾರ.

ಹೆಂಗಸರು ಹೆಚ್ಚು ಕೇಳುವ ಇನ್ನೊಂದು ಪ್ರಶ್ನೆ ನೀರಿನದು. ಪೆಟ್ಟಿಗೆಯ ಮೇಲೆ "ಐಪಿ 68" ಎಂದಿದ್ದರೆ ವುಝೂ ಮಾಡುವಾಗ ಕಟ್ಟಿಕೊಂಡೇ ಇರಬಹುದೇ? ಮೊದಲ ಅಂಕಿ 6 ಎಂದರೆ ಧೂಳು ಒಳಗೆ ಹೋಗದು. ಎರಡನೆಯದಾದ 8 ಎಂದರೆ ಕಂಪನಿ ಹೇಳಿದ ಆಳದಲ್ಲಿ, ಕಂಪನಿ ಹೇಳಿದಷ್ಟು ಹೊತ್ತು ಮುಳುಗಿದರೂ ನೀರು ಒಳಗೆ ಹೋಗದು. ಈ ಪರೀಕ್ಷೆ ನಡೆಯುವುದು ಹೊಸ ವಾಚಿಗೆ, ನಿಂತ ಸಿಹಿನೀರಿನಲ್ಲಿ. ಬಟ್ಟೆ ಒಗೆಯುವ ಸೋಪು, ಗೀಸರಿನ ಬಿಸಿನೀರು, ಸ್ನಾನದ ಮನೆಯ ಹಬೆ ಅದರಲ್ಲಿಲ್ಲ. ಒಳಗಿನ ರಬ್ಬರ್ ಅಂಚನ್ನು ಕ್ರಮೇಣ ಕೆಡಿಸುವುದು ಇವೇ. ವುಝೂಗೆ ಪಟ್ಟಿಯ ಅಡಿಯ ಚರ್ಮಕ್ಕೂ ನೀರು ತಲುಪಬೇಕು, ಹಾಗಾಗಿ ಬಿಚ್ಚಿಡುವುದೇ ಲೇಸು. ಕೈ ಒರೆಸಿಕೊಂಡು, ವಾಚಿನ ಹಿಂಬದಿಯನ್ನೂ ಒಣಬಟ್ಟೆಯಿಂದ ಒರೆಸಿ ಮತ್ತೆ ಕಟ್ಟಿ. ದಿನಕ್ಕೆ ಐದು ಸಲ ಒದ್ದೆಯಾಗುವ ಕೈಗೆ ಪಟ್ಟಿ ಬಿಗಿದೇ ಇಟ್ಟರೆ ತೇವ, ಬೆವರು, ಸೋಪು ಅಲ್ಲೇ ನಿಂತು ಚರ್ಮ ಕೆಂಪಾಗಿ ತುರಿಸುತ್ತದೆ. ಹಿಂಬದಿಯ ಚಾರ್ಜಿಂಗ್ ಚುಕ್ಕೆಗಳು ಒದ್ದೆಯಾಗಿರುವಾಗ ಚಾರ್ಜಿಗೆ ಹಾಕಿದರೆ ಅವು ತುಕ್ಕು ಹಿಡಿಯುತ್ತವೆ.

ಬ್ಯಾಟರಿಯ ಸಾಲಿನಲ್ಲಿ "ಏಳು ದಿನ" ಎಂದಿರುತ್ತದೆ. 260 ಎಂಎಎಚ್ ಬ್ಯಾಟರಿ ಏಳು ದಿನ ಬರಬೇಕಾದರೆ ವಾಚ್ ದಿನಕ್ಕೆ 37ರಷ್ಟನ್ನು ಮಾತ್ರ ಖರ್ಚು ಮಾಡಬೇಕು. ಬ್ಲೂಟೂತ್ ಕಾಲ್ ಆಫ್ ಮಾಡಿ, ಪರದೆ ಹೆಚ್ಚು ಹೊತ್ತು ಆರಿದ್ದರೆ ಅದು ಸಾಧ್ಯ. ವಾಚಿನಲ್ಲೇ ಮಾತಾಡುವವರಿಗೆ ಎರಡು ಮೂರು ದಿನಕ್ಕೆ ಮುಗಿಯುತ್ತದೆ. ಇದನ್ನು ಮೋಸ ಎನ್ನಲಾಗದು, ಆದರೆ ಆ ಷರತ್ತು ಸಣ್ಣ ಅಕ್ಷರದಲ್ಲಿರುತ್ತದೆ.

ಹಾಗಾದರೆ ಕೊಳ್ಳುವಾಗ ಏನು ಮಾಡಬೇಕು? ಅಂಗಡಿಯಲ್ಲಿ ವಾಚ್ ಕಟ್ಟಿಕೊಂಡು ಎರಡು ನಿಮಿಷ ಕುಳಿತುಕೊಳ್ಳಿ. ಇನ್ನೊಂದು ಕೈಯ ನಾಡಿ ಹಿಡಿದು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ವಾಚಿನ ಅಂಕಿಗೂ ಇದಕ್ಕೂ ನಾಲ್ಕೈದು ಬಡಿತಗಳ ವ್ಯತ್ಯಾಸವಿದ್ದರೆ ಪರವಾಗಿಲ್ಲ. ಆಮೇಲೆ ನೀವೇ ಎಣಿಸುತ್ತಾ ನೂರು ಹೆಜ್ಜೆ ನಡೆದು ವಾಚ್ ಎಷ್ಟೆಂದಿದೆ ನೋಡಿ. ಕೊನೆಗೆ ವಾಚ್ ಬಿಚ್ಚಿ, ಸುತ್ತಿದ ಟವೆಲ್‌ಗೆ ಕಟ್ಟಿ ಬಿ.ಪಿ. ಗುಂಡಿ ಒತ್ತಿ. ಟವೆಲ್‌ಗೂ 120/80 ಎಂದರೆ ಆ ಸಾಲಿನ ಬೆಲೆ ನಿಮಗೇ ತಿಳಿಯುತ್ತದೆ. ಮೂರರಲ್ಲಿ ಮೊದಲ ಎರಡನ್ನು ಪಾಸಾದ ವಾಚನ್ನು ಸಮಯ ನೋಡಲು, ಫೋನ್ ಬಂದದ್ದು ತಿಳಿಯಲು, ಹೆಜ್ಜೆ ಎಣಿಸಲು ಧಾರಾಳವಾಗಿ ಕೊಳ್ಳಿ.

ಮನೆಯಲ್ಲಿ ಬಿ.ಪಿ. ಇರುವ ಹಿರಿಯರಿದ್ದರೆ ನನ್ನ ಅಭಿಪ್ರಾಯ ಸ್ಪಷ್ಟ: ಅವರಿಗೆ ವಾಚ್ ಬೇಡ. ಹೆಚ್ಚು ಕಡಿಮೆ ಅಷ್ಟೇ ದುಡ್ಡಿಗೆ ಮೆಡಿಕಲ್ ಅಂಗಡಿಯಲ್ಲಿ ತೋಳುಪಟ್ಟಿಯ ಡಿಜಿಟಲ್ ಯಂತ್ರ ಸಿಗುತ್ತದೆ. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು ನೋಡಬೇಕು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡನ್ನೂ ಪುಸ್ತಕದಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸಬೇಕು.

ಖಾಲಾ ಈಗ ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ವಾಚ್ ಈಗಲೂ ಅವರ ಕೈಯಲ್ಲಿದೆ. ಬೆಳಗಿನ ನಡಿಗೆಯ ಹೆಜ್ಜೆ ನೋಡುತ್ತಾರೆ, ಬಿ.ಪಿ.ಯ ಗುಂಡಿಯನ್ನು ಮುಟ್ಟುವುದಿಲ್ಲ.