ನೋಯದ ಮಚ್ಚೆಯನ್ನು ನೋಡುವವರಾರು?



ಮಠಗಳ ಜಾತ್ರೆಗಳಲ್ಲಿ, ಶರಣ ಸಂಗಮಗಳಲ್ಲಿ ಈಗ ಆರೋಗ್ಯ ತಪಾಸಣೆ ಶಿಬಿರ ಇಲ್ಲದಿರುವುದೇ ಅಪರೂಪ. ಬಿ.ಪಿ. ನೋಡುತ್ತಾರೆ, ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ, ಕಣ್ಣಿನ ಪೊರೆ ನೋಡುತ್ತಾರೆ. ದಾಸೋಹ ಮುಗಿಸಿ ಹೊರಬಂದರೆ ಎಲೆ ಅಡಿಕೆಯ ತಟ್ಟೆಯೂ ಸಿದ್ಧವಿರುತ್ತದೆ. ಆ ಎಲೆ ಅಡಿಕೆ ಹೋಗಿ ಸೇರುವ ಬಾಯಿಯನ್ನು ತೆರೆಸಿ ನೋಡುವವರು ಮಾತ್ರ ಅಲ್ಲಿ ಇರುವುದಿಲ್ಲ. ಹಲ್ಲಿನ ವೈದ್ಯನಾಗಿ ಇದನ್ನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಅದಕ್ಕೇ ಈ ಬರಹ.

ಅಂಥ ಒಂದು ಶಿಬಿರದಲ್ಲಿ ಐವತ್ತೆಂಟರ ಒಬ್ಬ ತಾಯಿ ಹಲ್ಲು ಅಲುಗಾಡುತ್ತಿದೆ ಎಂದು ಬಂದರು. ಮೂವತ್ತು ವರ್ಷಗಳಿಂದ ಎಲೆ, ಅಡಿಕೆ, ಸುಣ್ಣದೊಂದಿಗೆ ತಂಬಾಕು ಹಾಕುವ ರೂಢಿ. ರಾತ್ರಿ ಅದನ್ನು ಎಡ ದವಡೆಯಲ್ಲಿ ಒತ್ತಿಟ್ಟುಕೊಂಡೇ ಮಲಗುತ್ತಿದ್ದರಂತೆ. ಬ್ಯಾಟರಿ ಹಿಡಿದು ಕೆನ್ನೆಯನ್ನು ಹೊರಕ್ಕೆ ಸರಿಸಿ ನೋಡಿದೆ. ಒಸಡಿಗೂ ಕೆನ್ನೆಗೂ ನಡುವಿನ ಆ ಸಂದಿನಲ್ಲಿ, ಎಲೆಯ ಉಂಡೆ ಕೂರುವ ಅದೇ ಜಾಗದಲ್ಲಿ, ಎರಡು ಬೆರಳಗಲದ ಬಿಳಿ ಮಚ್ಚೆ. ಗಾಜ್ ಬಟ್ಟೆಯಿಂದ ತಿಕ್ಕಿದೆ, ಹೋಗಲಿಲ್ಲ. ಹಿಂಬದಿಯ ಒಂದು ಮೂಲೆಯಲ್ಲಿ ಕಿರುಬೆರಳ ಉಗುರಿನಷ್ಟು ಜಾಗ ಮಾತ್ರ ಕೆಂಪಗೆ, ಮಖಮಲ್ಲಿನ ಹಾಗೆ ಕಾಣುತ್ತಿತ್ತು.

"ಅದು ಭಾಳ ದಿನದ್ದರೀ. ನೋವಿಲ್ರೀ, ಉರಿ ಇಲ್ರೀ. ಸುಣ್ಣ ಹತ್ತಿ ಆಗಿರಬೇಕು," ಎಂದರು ಆ ತಾಯಿ.

ನೋವಿಲ್ಲ ಎನ್ನುವ ಆ ಮಾತೇ ನನ್ನನ್ನು ಹೆದರಿಸುವುದು. ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಹುಳುಕು ಹಲ್ಲು ನೋಯುತ್ತದೆ, ಆದ್ದರಿಂದ ಜನ ಓಡಿ ಬರುತ್ತಾರೆ. ಈ ಮಚ್ಚೆ ಸುಮ್ಮನಿರುತ್ತದೆ, ಆದ್ದರಿಂದ ಯಾರೂ ಬರುವುದಿಲ್ಲ. ನೋವು ಶುರುವಾಗಿ, ಅನ್ನ ನುಂಗಲಾಗದೆ, ದವಡೆಯ ಕೆಳಗೆ ಗಡ್ಡೆ ಕಟ್ಟಿಕೊಂಡು ಬರುವ ಹೊತ್ತಿಗೆ ರೋಗ ಕುತ್ತಿಗೆಗೆ ಇಳಿದಿರುತ್ತದೆ. ಬಿಳಿ ಮಚ್ಚೆಗಳೆಲ್ಲ ಕ್ಯಾನ್ಸರ್ ಆಗುವುದಿಲ್ಲ, ಹೆಚ್ಚಿನವು ಆಗುವುದೇ ಇಲ್ಲ. ಆದರೆ ಬಿಳಿಯ ಜೊತೆ ಕೆಂಪು ಬೆರೆತಿದ್ದರೆ, ಹುಣ್ಣಾಗಿದ್ದರೆ, ಬೆರಳಿಗೆ ಗಟ್ಟಿಯಾಗಿ ಸಿಕ್ಕರೆ ಅದರ ಮಾತು ಬೇರೆ. ಯಾವುದು ಯಾವುದೆಂದು ಕಣ್ಣಿನಿಂದ ಖಚಿತವಾಗಿ ಹೇಳಲು ಎಂಥ ವೈದ್ಯರಿಗೂ ಆಗದು. ಅದಕ್ಕೇ ಬಯಾಪ್ಸಿ ಬೇಕು.

ಬಯಾಪ್ಸಿ ಎಂದ ಕೂಡಲೇ ಮಗ ನಡುವೆ ಬಂದ. "ತುಣುಕು ತಗಸೂದು ಬ್ಯಾಡ್ರೀ ಸರ್. ನಮ್ಮ ಓಣ್ಯಾಗ ಒಬ್ರಿಗೆ ಹಂಗ ತಗದ್ರು, ಆರು ತಿಂಗಳದಾಗ ಹೋಗಿಬಿಟ್ರು. ಚಾಕು ಹಚ್ಚಿದ್ರ ಹಬ್ಬತೈತಿ."

ಈ ಮಾತನ್ನು ನಾನು ಕೇಳದ ಊರಿಲ್ಲ. ಓಣಿಯ ಆ ಹಿರಿಯರ ವಿಷಯ ವಿಚಾರಿಸಿದೆ. ತುಣುಕು ತೆಗೆಸುವ ಮೊದಲೇ ಅವರಿಗೆ ಕುತ್ತಿಗೆಯಲ್ಲಿ ಗಡ್ಡೆಯಿತ್ತು, ಗಂಜಿಯನ್ನಷ್ಟೇ ಕುಡಿಯುತ್ತಿದ್ದರು. ಅದಕ್ಕೂ ಮುಂಚೆ ಹಲ್ಲು ಚುಚ್ಚಿ ಆದ ಹುಣ್ಣೆಂದು ತಿಂಗಳುಗಟ್ಟಲೆ ಬಿ ಕಾಂಪ್ಲೆಕ್ಸ್ ಗುಳಿಗೆ, ಮುಲಾಮು ನಡೆದಿತ್ತು. ಅವರನ್ನು ಕೊಂದದ್ದು ಚಾಕುವಲ್ಲ, ಆ ತಿಂಗಳುಗಳು. ಬಾಯಿಯ ಮಚ್ಚೆಯಿಂದ ಸಣ್ಣ ತುಣುಕು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎನ್ನುವುದು ನಮ್ಮಲ್ಲಿ ಉಳಿದಿರುವ ಮೂಢನಂಬಿಕೆಗಳಲ್ಲಿ ಒಂದು. ಗಾಳಿ, ದೆವ್ವ, ಮಾಟವನ್ನು ಬಿಟ್ಟ ಮನೆಗಳೂ ಇದನ್ನು ಬಿಟ್ಟಿಲ್ಲ.

ಬಯಾಪ್ಸಿ ಎಂದರೆ ಇಷ್ಟೇ. ಹಲ್ಲು ಕೀಳುವಾಗ ಕೊಡುವ ಇಂಜೆಕ್ಷನ್ ಕೊಟ್ಟು ಜಾಗ ಮರಗಟ್ಟಿಸುತ್ತಾರೆ. ನಾಲ್ಕೈದು ಮಿಲಿಮೀಟರಿನ ಒಂದು ತುಣುಕು ತೆಗೆಯುತ್ತಾರೆ. ಒಂದೆರಡು ಹೊಲಿಗೆ ಹಾಕಿದರೆ ಆಯಿತು, ಅದೇ ದಿನ ಮನೆಗೆ ಹೋಗಬಹುದು. ತುಣುಕನ್ನು ಫಾರ್ಮಲಿನ್ ತುಂಬಿದ ಶೀಶೆಯಲ್ಲಿ ಹಾಕಿ ಪೆಥಾಲಜಿ ಲ್ಯಾಬಿಗೆ ಕಳಿಸುತ್ತಾರೆ. ಬರೀ ನೀರಿನಲ್ಲಿ ಹಾಕಿದರೆ ಕೊಳೆತು ಕೆಡುತ್ತದೆ. ಎಲ್ಲಿಂದ ತೆಗೆದರು ಎನ್ನುವುದೇ ಎಲ್ಲಕ್ಕಿಂತ ಮುಖ್ಯ.

ಆ ತಾಯಿಯ ವಿಷಯದಲ್ಲಿ ಎಡವಿದ್ದು ಇಲ್ಲೇ. ಮನವೊಲಿಸಿ ಪಟ್ಟಣಕ್ಕೆ ಕಳಿಸಿದೆವು. ಅಲ್ಲಿ ಬಾಯಿಯ ಮುಂಭಾಗದ, ಸುಲಭವಾಗಿ ಕೈಗೆ ಸಿಗುವ ಬಿಳಿ ಭಾಗದಿಂದ ತುಣುಕು ತೆಗೆದಿದ್ದರು. ಚರ್ಮ ದಪ್ಪವಾಗಿದೆ, ಬೇರೇನೂ ಇಲ್ಲ ಎಂದು ವರದಿ ಬಂತು. ಮನೆಯವರಿಗೆ ಸಂತೋಷವಾಯಿತು. ಆದರೆ ಹಿಂದಿನ ಮೂಲೆಯ ಕೆಂಪು ಭಾಗ ಹಾಗೆಯೇ ಇತ್ತು. ಕಣ್ಣಿಗೆ ಕಾಣುವುದಕ್ಕೂ ವರದಿಗೂ ತಾಳೆಯಾಗದಿದ್ದರೆ ವರದಿಯನ್ನು ನಂಬಿ ಕೂರಬಾರದು, ಮತ್ತೆ ತೆಗೆಸಬೇಕು. ಎರಡನೆಯ ಸಲ ಕೆಂಪು ಭಾಗದಿಂದಲೇ ತೆಗೆಸಿದೆವು. ತೀವ್ರ ಡಿಸ್‌ಪ್ಲೇಸಿಯಾ ಎಂದು ಬಂತು. ಒಪ್ಪವಾಗಿ ಪದರ ಪದರವಾಗಿ ಕೂರಬೇಕಾದ ಜೀವಕೋಶಗಳು ಚೆಲ್ಲಾಪಿಲ್ಲಿಯಾಗಿದ್ದವು, ಆದರೆ ತಳದ ಪೊರೆಯನ್ನು ಇನ್ನೂ ದಾಟಿರಲಿಲ್ಲ. ದಾಟಿದ್ದರೆ ಅದರ ಹೆಸರು ಕ್ಯಾನ್ಸರ್. ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗವನ್ನೂ ಸೇರಿಸಿ ಮಚ್ಚೆಯನ್ನು ಪೂರ್ತಿ ತೆಗೆದುಹಾಕಿದರು. ದವಡೆ ಉಳಿಯಿತು, ಮುಖ ಉಳಿಯಿತು, ರೇಡಿಯೇಷನ್ ಬೇಕಾಗಲಿಲ್ಲ.

ಇದನ್ನೆಲ್ಲ ಮಾಡಲು ದೊಡ್ಡ ಆಸ್ಪತ್ರೆ ಬೇಕು, ನಿಜ. ಆದರೆ ಮೊದಲು ಮಚ್ಚೆಯನ್ನು ನೋಡುವುದಕ್ಕೆ ಬೇಕಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಒಂದು ದೊಡ್ಡ ಅಧ್ಯಯನ ನಡೆಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು, ವೈದ್ಯರಲ್ಲದವರು, ಮನೆಮನೆಗೆ ಹೋಗಿ ಮೂವತ್ತೈದು ದಾಟಿದವರ ಬಾಯಿ ನೋಡಿ, ಸಂಶಯ ಬಂದವರನ್ನು ವೈದ್ಯರ ಬಳಿ ಕಳಿಸಿದರು. ಹೀಗೆ ನೋಡಿದ ಊರುಗಳಲ್ಲಿ ತಂಬಾಕು ಅಥವಾ ಮದ್ಯ ಬಳಸುವವರ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು ಎಂದು 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಈ ಚಟಗಳಿಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ. ಆದ್ದರಿಂದ ಶಿಬಿರದಲ್ಲಿ ಎಲ್ಲರ ಬಾಯಿ ನೋಡಲು ಸಮಯವಿಲ್ಲದಿದ್ದರೆ ಎಲೆ ಅಡಿಕೆ, ತಂಬಾಕು, ಗುಟ್ಕಾ ಹಾಕುವವರನ್ನಾದರೂ ನೋಡಿ. ಒಬ್ಬರಿಗೆ ಎರಡು ಮೂರು ನಿಮಿಷ ಸಾಕು. ಹುಣ್ಣು ಕಂಡು, ಪಕ್ಕದಲ್ಲಿ ಚೂಪಾದ ಹಲ್ಲಿದ್ದರೆ ಅದನ್ನು ಸರಿಪಡಿಸಿ ಎರಡು ವಾರ ಕಾಯಬಹುದು. ಎರಡು ವಾರ ಕಳೆದರೂ ಮಾಯದಿದ್ದರೆ ಮತ್ತೆ ಗುಳಿಗೆ ಕೊಡುವುದಲ್ಲ, ಬಯಾಪ್ಸಿಗೆ ಕಳಿಸುವುದು.

ತಟ್ಟೆಯ ವಿಷಯವನ್ನೂ ಹೇಳಿಬಿಡುತ್ತೇನೆ, ಕೆಲವರಿಗೆ ಬೇಸರವಾದೀತು. ತಂಬಾಕು ಬಿಟ್ಟೆ, ಬರೀ ಅಡಿಕೆ ಹಾಕುತ್ತೇನೆ ಎಂದು ಆ ತಾಯಿ ಹೆಮ್ಮೆಯಿಂದ ಹೇಳಿಕೊಂಡರು. ತಂಬಾಕಿಲ್ಲದ ಎಲೆ ಅಡಿಕೆಯೂ, ಅಡಿಕೆಯೇ ಸ್ವತಃ ಕೂಡ, ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲೇ ಹೇಳಿದೆ. ಅಡಿಕೆ ಬೆಳೆಗಾರ ಬಂಧುಗಳ ಸಂಕಟ ನನಗೆ ಗೊತ್ತು. ಆದರೂ ದಾಸೋಹದ ಕೊನೆಗೆ ಒಂದು ಬಾಳೆಹಣ್ಣು ಕೊಟ್ಟರೆ ಯಾರ ಗೌರವಕ್ಕೂ ಕುಂದಿಲ್ಲ.

ಚಾಕು ಬೇಡವೆಂದಿದ್ದ ಆ ಮಗನಿಗೆ ಮೂವತ್ತೊಂದು ವರ್ಷ. ತಾಯಿಯನ್ನು ಮರುತಪಾಸಣೆಗೆ ಕರೆತಂದಿದ್ದಾಗ ಖಾರ ತಿಂದರೆ ಬಾಯಿ ಉರಿಯುತ್ತದೆ ಎಂದ. ಪಾನ್ ಮಸಾಲದ ಪೊಟ್ಟಣಕ್ಕೆ ತಂಬಾಕಿನ ಪೊಟ್ಟಣ ಬೆರೆಸಿ ಹಾಕುವವನು. ಬಾಯಿ ತೆರೆದು ಮೂರು ಬೆರಳನ್ನು ನಿಲ್ಲಿಸಿ ಒಳಗಿಡು ಎಂದೆ. ಎರಡೇ ಹೋದವು. ಕೆನ್ನೆಯ ಒಳಗೆ ಬಿಳಿಚಿಕೊಂಡ, ಹಗ್ಗದಂತೆ ಬಿಗಿದ ಪಟ್ಟಿಗಳು ಬೆರಳಿಗೆ ಸಿಕ್ಕವು. ಇದು ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆ ಬಿಟ್ಟರೆ ಮುಂದಕ್ಕೆ ಬಿಗಿಯುವುದನ್ನು ತಡೆಯಬಹುದು, ಬಿಗಿದದ್ದು ಮೊದಲಿನಂತಾಗುವುದು ಕಷ್ಟ. ಕ್ಯಾನ್ಸರ್ ಬರುವ ಅಪಾಯವಂತೂ ಉಳಿದೇ ಇರುತ್ತದೆ.

ಈಗ ಮೂರು ತಿಂಗಳಿಗೊಮ್ಮೆ ತಾಯಿ ಮಗ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಬಾಯಿ ತೋರಿಸಿಕೊಂಡು ಹೋಗುತ್ತಾರೆ.